ನಂದಾ ಬರೆದ ‘ಇಲ್ಲ’

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ಮಗ್ಗದ ಸದ್ದು ಮೊದಮೊದಲು ಕಿವಿಗೆ ಬಡಿಯುತ್ತದೆ, ವರ್ಷ ಕಳೆದಂತೆ ಜೋಗುಳವಾಗುತ್ತದೆ. ಹನ್ನೊಂದು ವರ್ಷ ಆ ಜೋಗುಳ ಕೇಳಿದವಳು ನಂದಾ. ಹೊರದೇಶಕ್ಕೆ ಟಾವೆಲ್ ಕಳಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರ್.

ಅವಳ ಅಪ್ಪ ಸಾತಲಿಂಗಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಆ ಅಂಗಡಿಗೊಂದು ಕಟ್ಟಳೆ. ಗಿರಾಕಿ ಮೂವತ್ತು ಸೀರೆ ಬಿಚ್ಚಿಸಿ ಬರಿಗೈಯಲ್ಲಿ ಎದ್ದರೂ, ಮೆಟ್ಟಿಲು ಇಳಿದು ಹೋಗುವ ತನಕ ಒಂದನ್ನೂ ಮಡಚುವಂತಿಲ್ಲ. ಬೆನ್ನ ಹಿಂದೆ ಸೀರೆ ಮಡಚುವ ಸದ್ದು ಕೇಳಿದವರು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲವಂತೆ.

ಈ ಸಲ ನಂದಾಳ ವಿಭಾಗಕ್ಕೆ ಒಬ್ಬ ಸೂಪರ್‌ವೈಸರ್ ಬೇಕಾಗಿತ್ತು. ಕೊನೆಗೆ ಇಬ್ಬರು ಉಳಿದರು. ಅವರಲ್ಲೊಬ್ಬ ದೂರದ ತಡವಳ ಹಳ್ಳಿಯ ಓಂಕಾರ, ಬೈಕಿನ ಧೂಳನ್ನು ಬಾಗಿಲಲ್ಲೇ ಜಾಡಿಸಿ ಒಳಗೆ ಬಂದವನು. ಅವಳು ಬಿಳಿ ಟಾವೆಲೊಂದನ್ನು ಮೇಜಿನ ಮೇಲೆ ಹಾಸಿದಳು. ಓಂಕಾರ ಕಣ್ಣು ಮುಚ್ಚಿಕೊಂಡು, ನಿದ್ದೆಯಲ್ಲಿರುವ ಕೂಸಿನ ಬೆನ್ನು ಸವರುವಂತೆ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ಒಂದು ಸಾಲಿನ್ಯಾಗ ಎಳಿ ಕುಣಿಕಿ ಎದ್ದಿಲ್ರಿ, ಮೇಡಂ.”

ಇಬ್ಬರು ತಪಾಸಣೆಯವರ ಕಣ್ಣಿಗೂ ಬೀಳದ ದೋಷ ಅದು. ಆ ಗಳಿಗೆಯಲ್ಲಿ ಮಗ್ಗಗಳೆಲ್ಲ ಉಸಿರು ಹಿಡಿದು ನಿಂತಂತೆ ಅನ್ನಿಸಿತು ಅವಳಿಗೆ.

ಹೊರಡುವಾಗ ಓಂಕಾರ ಅಂದ: “ಇಲ್ಲ ಅನ್ನೋದಿದ್ರ ಇಲ್ಲ ಅಂತಾದ್ರೂ ಹೇಳ್ರಿ. ಹಿಂದ ಅರ್ಜಿ ಹಾಕಿದ್ದ ಕಂಪನಿಯವ್ರು ಮೂರು ತಿಂಗಳಾದ್ರೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ನನ್ನ ಬೆರಳಿಗೆ ಬೆಲಿ ಇಲ್ಲೇನೋ, ಈ ಧಂದೆನ ಬಿಟ್ಟು ಬಿಡ್ಲೇನು ಅನ್ನಸ್ತದ.”

ಕೆಲಸ ಇನ್ನೊಬ್ಬರಿಗೆ ಹೋಯಿತು. ಅವರು ಒಪ್ಪಿ ಸಹಿ ಹಾಕುವ ತನಕ ನಂದಾ ಓಂಕಾರನಿಗೆ ಬರೆಯಲಿಲ್ಲ. ಅವರು ಹಿಂದೆ ಸರಿದರೆ ಕರೆಯಬೇಕಾದವನು ಅವನೇ. ‘ಇಲ್ಲ’ ಅನ್ನಿಸಿಕೊಂಡವನನ್ನೇ ಮರುದಿನ ‘ಬಾ’ ಅನ್ನಲು ಯಾವ ಮುಖ? ಬುಧವಾರ ಸಹಿ ಬಂತು.

ಆಫೀಸಿನಲ್ಲಿ ಸಿದ್ಧ ಸಂದೇಶವೊಂದಿತ್ತು: ‘ನಿಮ್ಮ ಅರ್ಹತೆ ನಮ್ಮ ಅಗತ್ಯಕ್ಕೆ ಹೊಂದಲಿಲ್ಲ.’ ನಂದಾ ಅದನ್ನು ಅಳಿಸಿ ಹೊಸದಾಗಿ ಬರೆಯತೊಡಗಿದಾಗ ಪಕ್ಕದ ಮೇಜಿನ ಅಮೋಲ ನಕ್ಕ. “ಎರಡು ಸಾಲಿನ ಮೇಲ್‌ರಿ ಮೇಡಂ ಅದು, ಲಗ್ನಪತ್ರಿಕಿ ಅಲ್ಲ.”

“ಲಗ್ನಪತ್ರಿಕಿ ಬರಿಯೋದು ಸರಳ, ಅಮೋಲ. ಎಲ್ಲಾರಿಗೂ ಬರ್ರಿ ಅನ್ನೋದ ಇರ್ತದ.”

ಬರೆದದ್ದನ್ನು ಸಂಜೆ ಅಂಗಡಿಯಲ್ಲಿ ಅಪ್ಪನಿಗೆ ಓದಿದಳು, ಹೆಸರು ಹೇಳದೆ. ಕೊನೆಯಲ್ಲಿ, ‘ಮುಂದಿನ ಜಾಗ ನಿಮ್ಮದೇ’ ಅಂತಿತ್ತು.

“ಆ ಜಾಗಾ ಎಲ್ಲದ, ಅವ್ವಾ?” ಸಾತಲಿಂಗಪ್ಪ ಕೇಳಿದ.

“ಇನ್ನೂ ಇಲ್ಲಪ್ಪಾ. ಅವನ ಮನಸ್ಸಿಗೆ ನೋವಾಗಬಾರದಂತ…”

“ಹಂಗಂದ್ರ ನೇಯದ ಬಟ್ಟಿ ತೋರ್ಸಾಕತ್ತೀದಿ. ಅವ ದಾರಿ ಕಾಯ್ಕೋತ ಕೂತರ? ಇದ್ದದ್ದು ಹಾಸು, ಇಲ್ಲದ್ದು ಹಾಸಬ್ಯಾಡ.”

ಮರುದಿನ ಬೆಳಿಗ್ಗೆ ಆ ಸಾಲು ಅಳಿಸಿದಳು. ಓಂಕಾರ ಅರ್ಜಿ ಬರೆದದ್ದು ಮರಾಠಿಯಲ್ಲಿ, ಅವಳೂ ಮರಾಠಿಯಲ್ಲೇ ಬರೆದಳು. ನಮ್ಮ ಮಾತಿಗೆ ತಂದರೆ ಹೀಗೆ:

‘ಓಂಕಾರ ಅವರೇ, ಈ ಹುದ್ದೆಗೆ ನಿಮ್ಮನ್ನು ಆಯ್ಕೆ ಮಾಡಲಾಗಲಿಲ್ಲ. ಕೊನೆಯ ಇಬ್ಬರಲ್ಲಿ ನೀವೊಬ್ಬರಾಗಿದ್ದಿರಿ, ಆದ್ದರಿಂದ ಕಾರಣ ಹೇಳುವುದು ನನ್ನ ಕರ್ತವ್ಯ. ಕಣ್ಣಿಗೆ ಕಾಣದ ದೋಷವನ್ನು ನೀವು ಬೆರಳಿನಿಂದ ಹಿಡಿದಿರಿ, ಅದು ಹುಟ್ಟಿದ ಬಗೆಯನ್ನೂ ಸರಿಯಾಗಿ ವಿವರಿಸಿದಿರಿ. ಆದರೆ ಪೆಟ್ಟಿಗೆಗಳಿಂದ ಮಾದರಿ ತೆಗೆದು, ದೋಷ ಎಣಿಸಿ, ಮಾಲು ಹೋಗಬಹುದೆಂದು ಸಹಿ ಹಾಕುವ ಕೆಲಸವನ್ನು ಇಲ್ಲಿ ಮೊದಲ ವಾರದಿಂದಲೇ ಒಬ್ಬರೇ ಮಾಡಬೇಕು. ಅದನ್ನು ನೀವು ಇನ್ನೂ ಮಾಡಿಲ್ಲವೆಂದು ಮುಚ್ಚಿಡದೆ ಹೇಳಿದಿರಿ. ಮುಂದಿನ ಅವಕಾಶದ ಭರವಸೆ ಕೊಡಲಾರೆ. ಹುದ್ದೆ ತೆರೆದಾಗ ಅರ್ಜಿ ಹಾಕಿದರೆ ನಾನೇ ಓದುತ್ತೇನೆ. ಎರಡು ಸಲ ಅಷ್ಟು ದೂರದಿಂದ ಬಂದಿರಿ, ಕೃತಜ್ಞಳಾಗಿದ್ದೇನೆ. — ನಂದಾ’

ಕಳಿಸಿದಳು. ಆಮೇಲೆ ದಿನವಿಡೀ ಮಗ್ಗದ ಸದ್ದು ಜೋಗುಳವಾಗಲಿಲ್ಲ. ಹೊರಗೆ ಹರವಿದ ಬಿಳಿ ಟಾವೆಲುಗಳು ಮೋಡದಂತೆ ಉಬ್ಬಿ ಇಳಿಯುತ್ತಿದ್ದವು. ಅವುಗಳ ಆಚೆ ಒಂದು ಬೈಕು ತಡವಳದ ದಾರಿಯಲ್ಲಿ ಚಿಕ್ಕದಾಗುತ್ತ ಹೋದಂತೆ ಅವಳಿಗೆ ಕಾಣುತ್ತಿತ್ತು.

ಶನಿವಾರ ಉತ್ತರ ಬಂತು.

‘ಮೇಡಂ, ಇ-ಮೇಲನ್ನು ಅವ್ವ ಸೋನಾಬಾಯಿಗೆ ಎರಡು ಸಲ ಓದಿ ಹೇಳಿದೆ. ಕೆಲಸ ಸಿಕ್ಕಿತೇನೋ ಅಂದಳು. ಇಲ್ಲ ಅಂದೆ. ಮತ್ತೆ ಯಾಕೆ ಎರಡು ಸಲ ಓದಿದಿ ಅಂದಳು. ನಾನು ಈಗ ಕೆಲಸ ಮಾಡುವ ಕಂಪನಿಯಲ್ಲಿ ಪ್ಯಾಕಿಂಗ್ ತಪಾಸಣೆಯವರ ಪಕ್ಕ ನಿಂತು ಕಲಿಯಲು ಅನುಮತಿ ಕೇಳಿದ್ದೇನೆ, ಕೊಟ್ಟಿದ್ದಾರೆ. ಧಂದೆ ಬಿಡುವುದಿಲ್ಲ.’

ನಂದಾ ಅದನ್ನೂ ಅಂಗಡಿಯಲ್ಲಿ ಓದಿದಳು. ಸಾತಲಿಂಗಪ್ಪ ಕೇಳುತ್ತ ಬಾಗಿಲ ಕಡೆ ನೋಡಿದ. ಏನೂ ಕೊಳ್ಳದ ಹೆಂಗಸೊಬ್ಬಳು ಕೊನೆಯ ಮೆಟ್ಟಿಲು ಇಳಿದು ತಿರುವಿನಲ್ಲಿ ಮರೆಯಾದಳು.

“ಹೂಂ,” ಅಂದ, “ಈಗ ಮಡಚು.”

ಅಪ್ಪ ಮಗಳು ಎರಡು ತುದಿ ಹಿಡಿದು, ಹಸಿರು ಸೀರೆಯೊಂದನ್ನು ಮೆಲ್ಲಗೆ ಮಡಚತೊಡಗಿದರು.