ಗಾಳಿಯ ಹಿಂದೆ ನಡೆಯುವ ಗ್ಯಾಸ್

ಡೊಂಬಿವ್ಲಿಯ ಕಾರ್ಖಾನೆಯೊಂದರಲ್ಲಿ ಉಕ್ಕು ಕಾಯಿಸುವ ಫರ್ನೇಸಿನ ಉಸ್ತುವಾರಿ ನನ್ನದು. ದಿನವೂ ಏಳಕ್ಕೆ ಸರಿಯಾಗಿ ಮೀಟರುಗಳನ್ನು ಓದಿ ಬರೆಯುತ್ತಿದ್ದೆ. ಆ ಬೆಳಿಗ್ಗೆ ಗ್ಯಾಸಿನ ಮುಳ್ಳು ಅರ್ಧಕ್ಕೇ ನಿಂತಿತ್ತು, ಶಾಖ ಏರಲೇ ಇಲ್ಲ. ಕಾದ ಉಕ್ಕನ್ನು ಒತ್ತಿ ರೂಪಿಸುವ ಪ್ರೆಸ್ಸಿನವರು ಕಾಯುತ್ತಿದ್ದರು. ನಾನು ಫರ್ನೇಸಿಗೂ ಗಡಿಯಾರಕ್ಕೂ ನಡುವೆ ಓಡಾಡುತ್ತಿದ್ದೆ.

“ಸಾಹೇಬ್ರ, ಮ್ಯಾನ್ಯುವಲ್‌ಗೆ ಹಾಕಿ ಕೈಲೆ ಗ್ಯಾಸ್ ಏರಸ್ತೀನಿ,” ಎಂದ ಕಲಬುರಗಿಯ ಆಪರೇಟರ್. “ಇದು ಹೊಸಾ ಸೊಸಿ ಹಂಗ. ಗಾಳಿ ಮುಂದ ಹೋಗದಿದ್ರ ಹೊಸ್ತಿಲಾ ದಾಟಂಗಿಲ್ಲ.”

“ದಾಟಬಾರದು ಅಂತಲೇ ಹಾಗೆ ಮಾಡಿರೋದು ಮಾರಾಯ. ಯಂತ್ರವೇ ಗಾಳಿ ಎಷ್ಟಿದೆ ಅಂತ ಅಳೆದು ಅಷ್ಟಕ್ಕೇ ಗ್ಯಾಸ್ ಬಿಡ್ತದೆ. ಜಾಸ್ತಿ ಬಿಟ್ಟರೆ ಉರಿಯದ ಗ್ಯಾಸ್ ಒಳಗೆ ತುಂಬಿ ನಾವಿಬ್ಬರೂ ಹಾರ್ತೇವೆ.”

ಹಾಗೆಂದರೂ ನನ್ನ ಕೈ ಮ್ಯಾನ್ಯುವಲ್ ಸ್ವಿಚ್ಚಿನ ಹತ್ತಿರವೇ ಇತ್ತು. ಗಾಳಿ ಒಳಬಿಡುವ ಕದ, ಡ್ಯಾಂಪರ್, ಪೂರ್ತಿ ತೆರೆದಿದ್ದರೂ ಗಾಳಿಯ ಮೀಟರು ಅರ್ಧವನ್ನೇ ತೋರಿಸುತ್ತಿತ್ತು. ಮೀಟರೇ ಕೆಟ್ಟಿದೆಯೇನೋ ಅನ್ನಿಸಿತು. ಆದರೂ ಹಿಂದೆ ಹೋಗಿ ಗಾಳಿ ಊದುವ ಬ್ಲೋವರ್ ನೋಡಿದೆವು. ಗಾಳಿ ಎಳೆಯುವ ಅದರ ಜಾಲರಿಗೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಅಂಟಿಕೊಂಡಿತ್ತು.

ಆಪರೇಟರ್ ತಲೆ ಕೆರೆದುಕೊಂಡ. “ಮಳಿ ನೀರು ಸಿಡೀತದಂತ ನಿನ್ನಿ ನಾನಾ ಕಟ್ಟಿದ್ನಿರೀ.”

ತಾಡಪತ್ರಿ ಬಿಚ್ಚಿ ಒಳಗೆ ಬಂದಾಗ ಗಾಳಿಯ ಮುಳ್ಳು ಏರಿತ್ತು, ಅದರ ಹಿಂದೆಯೇ ಗ್ಯಾಸಿನ ಮುಳ್ಳು ಏರುತ್ತಿತ್ತು.

“ಸೊಸಿ ಶಾಣ್ಯಾಕಿ ಅದಾಳ್ರೀ,” ಎಂದ ಅವನು.

ಸ್ವಿಚ್ಚಿನ ಹತ್ತಿರ ಹೋಗಿದ್ದ ಕೈಯನ್ನು ನಾನು ಜೇಬಿಗೆ ಹಾಕಿಕೊಂಡೆ.