ಬಿಸಿನೀರು ಬಿದ್ದ ಪ್ಲೇಟು

ಅರವತ್ತರ ದಶಕದ ಜಯನಗರದಲ್ಲಿ ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿ ನಮ್ಮ ಬೀದಿಯಲ್ಲಿ ಇದ್ದದ್ದು ಒಬ್ಬಳೇ, ಅದು ನಾನು. ಮೇಲಿನ ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಓರೆಯಾಗಿ ಹತ್ತಿ ಕೂತಿತ್ತು. ಎರಡು ವರ್ಷ ತಂತಿ ಹಾಕಿ ಡಾಕ್ಟರು ಅದನ್ನು ಸಾಲಿಗೆ ತಂದರು. ಆ ಎರಡು ವರ್ಷ ಶಾಲೆಯಲ್ಲಿ ನನಗೆ ಇದ್ದ ಹೆಸರು ‘ಬೇಲಿ’.

ತಂತಿ ತೆಗೆದ ದಿನ ಕನ್ನಡಿ ಬಿಟ್ಟು ಏಳಲೇ ಇಲ್ಲ. ಡಾಕ್ಟರು ಮಾತ್ರ ನನ್ನ ಸಂಭ್ರಮಕ್ಕೆ ಮಣ್ಣೆರಚಿದರು. ಅಂಗುಳಕ್ಕೆ ಅಂಟಿ ಕೂರುವ ಗುಲಾಬಿ ಬಣ್ಣದ ಪ್ಲೇಟು, ಮುಂದಿನ ಹಲ್ಲುಗಳನ್ನು ಹೊರಗಿನಿಂದ ಒತ್ತಿ ಹಿಡಿಯುವ ಒಂದು ತಂತಿ. ಅದನ್ನು ಬಾಯಿಗೆ ಇಟ್ಟರು.

“ಹಲ್ಲು ಸರಿದಿದೆ ಅಷ್ಟೆ, ಇನ್ನೂ ನೆಲೆ ನಿಂತಿಲ್ಲ. ಸರಿಯೋವಾಗ ಒಂದು ಕಡೆ ಮೂಳೆ ಕರಗುತ್ತೆ, ಬಿಟ್ಟು ಬಂದ ಕಡೆ ಹೊಸದು ಬೆಳೆಯುತ್ತೆ. ಆ ಹೊಸ ಮೂಳೆ ಗಟ್ಟಿಯಾಗೋಕೆ ತಿಂಗಳುಗಳು ಬೇಕು. ಒಸಡಿನ ನಾರುಗಳು ಹಿಗ್ಗಿವೆ, ಹಳೇ ಜಾಗಕ್ಕೆ ಎಳೀತಾನೇ ಇರ್ತವೆ. ತಿರುಚಿಕೊಂಡಿದ್ದ ಹಲ್ಲಂತೂ ಮೊದಲು ಓಡುತ್ತೆ. ಊಟ ಬಿಟ್ಟು ಹಗಲೂ ರಾತ್ರಿ ಹಾಕ್ಕೋ. ತಣ್ಣೀರಲ್ಲಿ ತೊಳಿ, ಬಿಸಿನೀರು ಮುಟ್ಟಿಸ್ಬೇಡ, ಸೊಟ್ಟಗಾಗುತ್ತೆ. ಮೂರು ತಿಂಗಳಿಗೆ ಬಾ,” ಎಂದರು.

ನನ್ನ ಜೊತೆ ಬರುತ್ತಿದ್ದವಳು ಅಜ್ಜಿ. ಅಪ್ಪನಿಗೆ ಆಫೀಸು, ಅಮ್ಮನಿಗೆ ಕೈಗೂಸು. ಅಜ್ಜಿಯದು ಎಂಜಲಿನ ವಿಷಯದಲ್ಲಿ ಬಹಳ ಬಿಗಿ. ಲೋಟ ಕಚ್ಚಿ ನೀರು ಕುಡಿದರೆ ಆ ಲೋಟ ಹುಣಸೆಹಣ್ಣು ಕಾಣದೆ ಒಳಗೆ ಬರುವಂತಿರಲಿಲ್ಲ. ಬಾಯಿಂದ ತೆಗೆದು ಬಾಯಿಗೇ ಇಡುವ ಪ್ಲೇಟು ಅವಳಿಗೆ ದೊಡ್ಡ ಧರ್ಮಸಂಕಟ. ಕೊನೆಗೆ ತನ್ನ ಹಿತ್ತಾಳೆಯ ಕುಂಕುಮದ ಭರಣಿಯನ್ನು ಖಾಲಿ ಮಾಡಿ ಕೊಟ್ಟಳು. ಅದರಲ್ಲಿಟ್ಟು ಬಚ್ಚಲಿನ ಗೂಡಿನಲ್ಲಿ ಮುಚ್ಚಿಡಬೇಕು ಎಂದು ತೀರ್ಮಾನವಾಯಿತು.

ಅದಾಗಿ ಎರಡು ವಾರಕ್ಕೆ ಶ್ರೀನಗರದ ಚಿಕ್ಕಮ್ಮ ಮನೆಯವರನ್ನೆಲ್ಲ ಕರೆದುಕೊಂಡು ಊಟಕ್ಕೆ ಬಂದಳು. ಅವಸರದಲ್ಲಿ ನಾನು ಪ್ಲೇಟನ್ನು ತೆಗೆದು ಎಲೆಯ ಪಕ್ಕದಲ್ಲೇ ಇಟ್ಟೆ. ಚಿಕ್ಕಮ್ಮ ಹೋಳಿಗೆ ಬಡಿಸುತ್ತಿದ್ದವಳು ನಿಂತಳು.

“ಇಶ್ಶೀ, ಎಂಜಲು ಸಾಮಾನು ಪಂಕ್ತೀಲಿ ಇಟ್ಕೊಂಡಿದ್ದೀಯಲ್ಲೇ. ನಾಳೆ ಅತ್ತೆ ಮನೇಲೂ ಹೀಗೇ ಬಿಚ್ಚಿಡ್ತೀಯಾ?”

ಸಾಲಿನವರೆಲ್ಲ ನಕ್ಕರು. ನಾನು ಪ್ಲೇಟನ್ನು ಎತ್ತಿಕೊಂಡೆ. ಎದ್ದವಳೇ ಬಚ್ಚಲಿಗೆ ಹೋಗಿ, ಹಂಡೆಯಲ್ಲಿ ಕೊತಕೊತ ಕುದಿಯುತ್ತಿದ್ದ ನೀರನ್ನು ಚೊಂಬಿಗೆ ತೋಡಿ ಪ್ಲೇಟನ್ನು ಅದರಲ್ಲಿ ಮುಳುಗಿಸಿದೆ. ಡಾಕ್ಟರ ಮಾತು ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳು. ನೆನಪಿತ್ತು. ಎಂಜಲು ಹೋಗಲಿ ಎಂಬ ಹಟ ಅದಕ್ಕಿಂತ ದೊಡ್ಡದಾಗಿತ್ತು.

ಮತ್ತೆ ಹಾಕಿಕೊಂಡರೆ ಅದು ಕೂರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಭರಣಿಗೆ ಹಾಕಿ ಮುಚ್ಚಿದೆ, ಯಾರಿಗೂ ಹೇಳಲಿಲ್ಲ. ‘ಪ್ಲೇಟ್ ಹಾಕ್ಕೊಂಡ್ಯಾ?’ ಎಂದು ಅಮ್ಮ ಕೇಳಿದಾಗಲೆಲ್ಲ ಬಾಯಿ ಮುಚ್ಚಿ ತಲೆಯಾಡಿಸಿದೆ. ತಿಂಗಳು ಕಳೆಯುವಷ್ಟರಲ್ಲಿ ನಾಲಿಗೆಯ ತುದಿಗೆ ಓರೆ ಹಲ್ಲಿನ ಆ ಹಳೆಯ ಮೂಲೆ ಮತ್ತೆ ಸಿಗತೊಡಗಿತು. ಕನ್ನಡಿ ನೋಡುವುದನ್ನು ಬಿಟ್ಟೆ.

ಮೂರನೆಯ ತಿಂಗಳು ಡಾಕ್ಟರು ಪ್ಲೇಟನ್ನು ಬಾಯಿಗಿಟ್ಟು ನೋಡಿದರು, ತೆಗೆದು ಬೆಳಕಿಗೆ ಹಿಡಿದರು. ತಂತಿ ತೆಗೆದ ದಿನ ತೆಗೆದಿದ್ದ ನನ್ನ ಹಲ್ಲಿನ ಸುಣ್ಣದ ಅಚ್ಚನ್ನು ತಂದು ಪಕ್ಕದಲ್ಲಿಟ್ಟರು. ಅಚ್ಚಿನಲ್ಲಿ ನೆಟ್ಟಗಿದ್ದ ಹಲ್ಲು ಬಾಯಲ್ಲಿ ಹೊರಳಿ ನಿಂತಿತ್ತು.

“ಇದಕ್ಕೆ ಬಿಸಿನೀರು ಹಾಕಿದ್ದು ಯಾರು?”

“ಅಜ್ಜಿ,” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಅಜ್ಜಿ ನನ್ನ ಕಡೆ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡು, “ಹೌದು ಡಾಕ್ಟ್ರೇ. ಮುದುಕಿ, ತಿಳೀಲಿಲ್ಲ,” ಎಂದಳು.

“ನಿಮ್ಮ ಮಡಿ ಮೈಲಿಗೆಗೆ ಈ ಹುಡುಗಿಯ ಎರಡು ವರ್ಷ ಹಾಳಾಯ್ತಲ್ಲಮ್ಮಾ,” ಎಂದು ಡಾಕ್ಟರು ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದೆ.

ಓಡಿದ ಹಲ್ಲನ್ನು ಪ್ಲೇಟು ಹಿಂದಕ್ಕೆ ತಾರದು, ಇದ್ದಲ್ಲಿ ಹಿಡಿದಿಡುತ್ತದೆ ಅಷ್ಟೆ. ಮತ್ತೆ ತಂತಿ ಕಟ್ಟಿಸಲು ನಾನು ಒಪ್ಪಲಿಲ್ಲ. ಉಳಿದದ್ದಾದರೂ ಉಳಿಯಲಿ ಎಂದು ಹೊಸ ಅಳತೆ ತೆಗೆದು ಹೊಸ ಪ್ಲೇಟು ಮಾಡಿಕೊಟ್ಟರು. ಬಂದುಹೋಗುವವರೆಲ್ಲ ಹಲ್ಲಿನ ವಿಷಯ ಕೇಳಿದಾಗ ಅಜ್ಜಿಯೇ, “ನಾನೇ ಕೆಡಿಸಿದ್ದು,” ಎನ್ನುತ್ತಿದ್ದಳು. ಚಿಕ್ಕಮ್ಮನ ಎದುರಿಗೂ ಹಾಗೇ ಅಂದಳು. ಪಕ್ಕದಲ್ಲೇ ಕೂತು ಕೇಳಿದ ನನಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಸುಟ್ಟರೆ ಏನು ಬಂತು, ಬಾಯಿ ಬಿಡಲಿಲ್ಲವಲ್ಲ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಊಟ ಮುಗಿಸಿ ಬಚ್ಚಲಿಗೆ ಹೋದರೆ, ಅಜ್ಜಿ ನನ್ನ ಪ್ಲೇಟನ್ನು ಬರಿಗೈಯಲ್ಲಿ ಹಿಡಿದು ನಲ್ಲಿಯ ಕೆಳಗೆ ತೊಳೆಯುತ್ತಿದ್ದಳು. ಇನ್ನೊಬ್ಬರ ಲೋಟ ಮುಟ್ಟದ ಕೈ ಅದು.

“ಅಜ್ಜೀ, ಅವತ್ತು ಬಿಸಿನೀರು...” ಎಂದು ಶುರು ಮಾಡಿದೆ.

“ಗೊತ್ತು ಬಿಡೇ. ಅವತ್ತು ಹಂಡೆ ಹತ್ರ ನೀನು ಬಿಸಿನೀರು ಸಮೇತ ಬಿಟ್ಟುಹೋದ ಚೊಂಬು ಎತ್ತಿಟ್ಟವಳು ನಾನೇ,” ಎಂದಳು. ಒದ್ದೆ ಪ್ಲೇಟನ್ನು ನನ್ನ ಅಂಗೈಗೆ ಇಟ್ಟಳು. “ಹಾಕ್ಕೋ.”