ತಂಗಿಯ ಫೋನಿಗೆ ನಾನಿಟ್ಟ ನೂರಿಪ್ಪತ್ತು

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ನಾನು ಕೆಲಸ ಮಾಡುತ್ತೇನೆ. ಎಂಟನೇ ಕ್ಲಾಸಿಗೆ ಓದು ಬಿಟ್ಟವನು. ಫೋನಿನ ವಿಷಯ ಮಾತ್ರ ನನಗೆ ಗೊತ್ತು, ಅದನ್ನು ಮಾರುವ ಮಾತೂ ಗೊತ್ತು. ಆ ಮಾತಿನ ಮೇಲೆ ಈಗ ನನಗೆ ಎಷ್ಟು ಸಿಟ್ಟಿದೆಯೆಂದರೆ, ಬಾಯಿ ತೆರೆದು ಗಿರಾಕಿಗೆ ಏನಾದರೂ ಹೇಳಬೇಕಾದಾಗ ಮೊದಲು ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ನನ್ನ ತಂಗಿಯನ್ನು ರಾಮನಗರಕ್ಕೆ ಕೊಟ್ಟಿದೆ. ಅವರದು ರೇಷ್ಮೆ ನೂಲು ತೆಗೆಯುವ ಮನೆ. ಗಂಡ ಬಾಯ್ಲರು, ಮೋಟರು, ಕೆಲಸದವರನ್ನು ನೋಡಿಕೊಳ್ಳುತ್ತಾನೆ. ರೇಷ್ಮೆಗೂಡು ಕೊಳ್ಳುವುದು ತಂಗಿಯ ಕೆಲಸ, ಅದಕ್ಕೆ ಬೇಕಾದ ರೀಲರ್ ಲೈಸೆನ್ಸೂ ಅವಳ ಹೆಸರಿನಲ್ಲೇ ಇದೆ. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ, ರೈತರು ಸುರಿದ ಗೂಡನ್ನು ಹಿಡಿಹಿಡಿ ಎತ್ತಿ, ಹೆಬ್ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲುಗಿಸಿ, ಯಾವ ಲಾಟು, ಎಂದರೆ ಯಾವ ರೈತನ ರಾಶಿ, ಚೆನ್ನಾಗಿ ನೂಲು ಬಿಡುತ್ತದೆ ಎಂದು ನಿರ್ಧರಿಸುತ್ತಾಳೆ. ಈಗ ಹರಾಜು ಕೂಗುವುದಿಲ್ಲ, ಫೋನಿನಲ್ಲಿ ಬಿಡ್ ಹಾಕಬೇಕು. ಅಷ್ಟು ಗಂಡಸರ ನಡುವೆ ಅವಳು ಹೀಗೆ ನಿಲ್ಲುವುದು ಅವಳ ಮಾವನಿಗೆ ಮೊದಲಿನಿಂದಲೂ ಸರಿಬೀಳುತ್ತಿರಲಿಲ್ಲ. ಒಂದು ತಪ್ಪಿಗಾಗಿ ಅವರು ಕಾಯುತ್ತಿದ್ದರು. ಆ ತಪ್ಪನ್ನು ಒದಗಿಸಿಕೊಟ್ಟವನು ನಾನು.

ಅವಳು ಹೊಸ ಫೋನನ್ನು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದಳು. ಅಣ್ಣ ಮೊಬೈಲ್ ಅಂಗಡಿಯಲ್ಲೇ ಇದ್ದರೂ ಒಂದು ಮಾತು ಕೇಳಿರಲಿಲ್ಲ. ಹಬ್ಬಕ್ಕೆ ಮನೆಗೆ ಬಂದಾಗ ಅದನ್ನು ನೋಡಿ ನನಗೆ ಉರಿಯಿತು.

"ಕೊಡಿಲ್ಲಿ. ತಕ್ಕಂಡ್ ಏನ್ ಮಾಡ್ದೆ? ಅದ್ರೊಳಗೆ ಏನೈತೆ ಅಂತಾನೇ ಗೊತ್ತಿಲ್ಲ ನಿಂಗೆ" ಅಂದೆ.

"ಫೋನ್ ಬತ್ತದೆ, ಬಿಡ್ ಹಾಕ್ಬೋದು. ಇನ್ನೇನಿರ್ಬೇಕಣ್ಣ?"

ಅವಳ ಫೋನಿನ ಪರದೆ ಸೆಕೆಂಡಿಗೆ ಅರವತ್ತು ಸಲ ಚಿತ್ರವನ್ನು ಹೊಸದಾಗಿ ಬರೆಯುವಂತೆ ಸೆಟ್ ಆಗಿತ್ತು. ಅದನ್ನು ನೂರಿಪ್ಪತ್ತಕ್ಕೆ ಏರಿಸಿ ಕೈಗೆ ಕೊಟ್ಟೆ. ಅವಳು ಬೆರಳಿನಿಂದ ಮೇಲೆ ಕೆಳಗೆ ಎಳೆದಳು. ಮೊದಲು ಸರಿಯುವಾಗ ಅಕ್ಷರ ಕಲೆಸಿದಂತೆ ಕಾಣುತ್ತಿತ್ತು, ಈಗ ಓಡುತ್ತಿರುವಾಗಲೇ ಓದಬಹುದಿತ್ತು. ಬೆರಳಿಗೂ ಚಿತ್ರಕ್ಕೂ ನಡುವೆ ಇದ್ದ ಒಂದು ಎಳೆಯಷ್ಟು ತಡವೂ ಹೋಗಿತ್ತು.

"ಅಯ್ಯೋ, ನೂಲು ಎಲ್ಲೂ ಕಡೀದಂಗೆ ಬಂದಂಗೈತೆ!" ಅಂದಳು. ಮತ್ತೆ ಮತ್ತೆ ಎಳೆದು ನೋಡಿದಳು. ದಿನವಿಡೀ ತಿರುಗುವ ರಾಟೆಯ ಮೇಲೆ ಕೂದಲಿಗಿಂತ ಸಣ್ಣ ಎಳೆಯನ್ನು ಕಾಯುವ ಕಣ್ಣು ಅವಳದು, ಅದಕ್ಕೆ ಅಷ್ಟು ಬೇಗ ತಿಳಿಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನನಗೆ ಸಾಲಲಿಲ್ಲ. ಒಳಗಿನ ಮೆನುವಿಗೆ ಹೋಗಿ, ಪರದೆಯ ಮೂಲೆಯಲ್ಲಿ ಸಂಖ್ಯೆ ತೋರಿಸುವ ಗುಂಡಿ ಒತ್ತಿದೆ. ಬೆರಳು ಆಡುವಾಗ ನೂರಿಪ್ಪತ್ತು, ಬೆರಳು ತೆಗೆದ ಕೂಡಲೇ ಅರವತ್ತು. ಫೋನು ತಾನಾಗಿಯೇ ಇಳಿಸಿಕೊಂಡು ಬ್ಯಾಟರಿ ಉಳಿಸುತ್ತಿತ್ತು. ಅವಳು ನಕ್ಕು, "ನೋಡಣ್ಣ, ನಿನ್ ನೂರಿಪ್ಪತ್ತು ನಿಲ್ತಾನೇ ಇಲ್ಲ" ಅಂದಳು. ಆ ಚೇಷ್ಟೆಗೆ ಸೋಲಬಾರದೆಂದು, ಸಂಖ್ಯೆ ಇಳಿಯದಂತೆ ಬಲವಂತವಾಗಿ ಹಿಡಿದಿಡುವ ಇನ್ನೊಂದು ಗುಂಡಿಯನ್ನೂ ಒತ್ತಿದೆ. ಈಗ ಬೆರಳಿದ್ದರೂ ನೂರಿಪ್ಪತ್ತು, ಇಲ್ಲದಿದ್ದರೂ ನೂರಿಪ್ಪತ್ತು. ನೂಲೇ ಇಲ್ಲದೆ ರಾಟೆ ತಿರುಗಿಸಿದ ಹಾಗೆ.

ಅವಳು ಕೇಳಿದಳು. ಕೇಳಲಿಲ್ಲ ಅಂತ ನಾನು ಹೇಳುವಂತಿಲ್ಲ. "ಬ್ಯಾಟ್ರಿ ತಿನ್ನಲ್ವಾ ಇದು?"

"ಏನೂ ಆಗಲ್ಲ, ಹೋಗು" ಅಂದೆ.

ದಿನಾ ಕೌಂಟರಿನಲ್ಲಿ ಹೇಳುವ ಮಾತು ಅದು. ಡಬ್ಬದ ಮೇಲೆ ನೂರಿಪ್ಪತ್ತು ಎಂದು ಬೆರಳುದ್ದ ಅಕ್ಷರದಲ್ಲಿ ಬರೆದಿರುತ್ತಾರೆ, ಪಕ್ಕದಲ್ಲೇ ಇಡೀ ದಿನ ಬ್ಯಾಟರಿ ಎಂದೂ ಬರೆದಿರುತ್ತಾರೆ. ಈ ಎರಡೂ ಒಂದೇ ಸೆಟ್ಟಿಂಗಿನಲ್ಲಿ ಸಿಗುತ್ತವೆಯೇ ಎಂಬುದನ್ನು ಯಾವನೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಕೊಳ್ಳುವವನು ಕೇಳಿದರೆ ನಮ್ಮಂಥವರು "ಏನೂ ಆಗಲ್ಲ" ಅನ್ನಬೇಕು. ಹೇಳಿ ಹೇಳಿ ಆ ಸುಳ್ಳು ನನ್ನ ಬಾಯಲ್ಲಿ ಎಷ್ಟು ನುಣುಪಾಗಿತ್ತೆಂದರೆ, ಒಡಹುಟ್ಟಿದವಳ ಮುಂದೆಯೂ ಎಡವದೆ ಬಂತು. ಮೂಲೆಯ ಸಂಖ್ಯೆಯನ್ನು ಮರೆಮಾಡಿ ಫೋನು ಕೊಟ್ಟೆ. ಬಲವಂತದ ಗುಂಡಿಯನ್ನು ತೆಗೆಯಲಿಲ್ಲ.

ಆಮೇಲೆ ಒಂದು ದಿನ ಹರಾಜಿನ ಮಧ್ಯದಲ್ಲಿ ಅವಳ ಫೋನು ಸತ್ತುಹೋಯಿತು.

ಅಷ್ಟು ಹೊತ್ತಿಗೆ ಅವಳು ಗೂಡು ನೋಡಿ ಮುಗಿಸಿದ್ದಳು. ಮನಸ್ಸಿನಲ್ಲಿ ಗುರುತು ಮಾಡಿಟ್ಟುಕೊಂಡಿದ್ದ ಲಾಟುಗಳಿಗೆ ಬಿಡ್ ಹಾಕುತ್ತಾ ನಿಂತಿದ್ದಳು. ಇನ್ನೊಬ್ಬರ ಫೋನು ಇಸಿದುಕೊಂಡರೆ ಓಟಿಪಿ ಬರುವುದು ಸತ್ತ ಫೋನಿನೊಳಗಿದ್ದ ಅವಳದೇ ಸಿಮ್ಮಿಗೆ. ಚಾರ್ಜಿಗೆ ಹಾಕಿ ಅದು ಎದ್ದೇಳುವಷ್ಟರಲ್ಲಿ ಅವಳು ಆರಿಸಿದ್ದ ಗೂಡೆಲ್ಲ ಬೇರೆಯವರ ಪಾಲಾಗಿತ್ತು. ಮರುದಿನ ಅವರ ಮನೆಯಲ್ಲಿ ಬಾಯ್ಲರು ಹಚ್ಚಲಿಲ್ಲ.

ಸುದ್ದಿ ಕೇಳಿ ನಾನು ಹೋದೆ. ಜಗುಲಿಯಲ್ಲಿ ಅವಳ ಮಾವ ಕುಳಿತಿದ್ದರು. ಕೆಲಸಕ್ಕೆ ಬಂದು ಬರಿಗೈಯಲ್ಲಿ ಕೂತಿದ್ದ ಹೆಂಗಸರಿಗೆ ಕೇಳಿಸುವ ಹಾಗೆಯೇ ಮಾತಾಡಿದರು.

"ನಿನ್ ತಂಗಿ ವಿಡಿಯೋ ನೋಡ್ಕಂಡು ಬ್ಯಾಟ್ರಿ ಮುಗಿಸ್ಕಂಡವ್ಳೆ ಕಣಪ್ಪ. ಕೈಗೆ ಫೋನ್ ಕೊಟ್ರೆ ಹೆಂಗಸ್ರು ಮಾಡೋದೇ ಇಷ್ಟು."

"ನಾನ್ ಯಾವ್ ವಿಡಿಯೋನೂ ನೋಡ್ಲಿಲ್ಲ ಮಾವ. ಬರೀ ಬಿಡ್ ಹಾಕೋದೇ ತೆಗ್ದಿದ್ದೆ" ಅಂದಳು ಅವಳು.

"ಹಂಗಾರೆ ಬ್ಯಾಟ್ರಿನ ಯಾರ್ ತಿಂದ್ರು, ಇಲಿ ತಿಂತಾ?"

ಹೆಂಗಸರು ನಕ್ಕರು. ಅವಳು ನನ್ನ ಕಡೆ ನೋಡಿದಳು. ಅಂಗಡಿಯವನಲ್ಲವೇ, ಏನಾದರೂ ಕಾರಣ ಹೇಳುತ್ತಾನೆ ಎಂಬ ಆಸೆ ಆ ನೋಟದಲ್ಲಿತ್ತು. ಕಾರಣ ನನಗೆ ಆ ಕ್ಷಣವೇ ಹೊಳೆದಿತ್ತು. ಬಿಡ್ ಹಾಕುವ ಪರದೆ ಹೆಚ್ಚು ಹೊತ್ತು ಅಲುಗಾಡದೆ ನಿಂತಿರುತ್ತದೆ. ಅರವತ್ತು ಸಾಕಾಗಿದ್ದ ಕಡೆ ಅದು ಗಂಟೆಗಟ್ಟಲೆ ಸುಮ್ಮನೆ ಸೆಕೆಂಡಿಗೆ ನೂರಿಪ್ಪತ್ತು ಸಲ ಅದದೇ ಅಂಕಿಯನ್ನು ಬರೆದಿದೆ. ಸತ್ಯ ಹೇಳಬೇಕೆಂದರೆ ಅದೊಂದೇ ಬ್ಯಾಟರಿ ಮುಗಿಸಲಿಲ್ಲ. ಬಿಸಿಲಿಗೆ ಬೆಳಕು ಪೂರ್ತಿ ಏರಿಸಿದ್ದಳು, ಜನಸಂದಣಿಯಲ್ಲಿ ಸಿಗ್ನಲ್ಲಿಗೆ ಒದ್ದಾಡಿದ್ದೂ ಇರಬೇಕು. ಆದರೆ ಅವೆಲ್ಲ ದಿನಾ ಇದ್ದವೇ, ಅವನ್ನು ತಾಳಿಕೊಂಡೇ ಫೋನು ಸಂಜೆ ಮುಟ್ಟುತ್ತಿತ್ತು. ಹೊಸದಾಗಿ ಸೇರಿದ್ದು ನನ್ನದು ಮಾತ್ರ.

"ಒಂದೊಂದ್ ಸಲ ಹಂಗಾಯ್ತದೆ" ಅಂದು ಕಾಫಿ ಕುಡಿದು ಬಂದುಬಿಟ್ಟೆ.

ಮಾವ ಅವಳ ಕೈಯಿಂದ ಫೋನು ಕಿತ್ತುಕೊಂಡು ತಮ್ಮ ಚಿಕ್ಕ ಮಗನಿಗೆ ಕೊಟ್ಟರು. ಲೈಸೆನ್ಸು ಅವಳದು, ಸಿಮ್ಮು ಅವಳದು, ಮಾರ್ಕೆಟ್ಟಿಗೆ ಹೋಗುವವನು ಅವಳ ಮೈದುನ! ಅವನು ತಂದ ಗೂಡು ಬಿಸಿನೀರಿಗೆ ಬಿದ್ದರೆ ಎಳೆ ಕ್ಷಣಕ್ಕೊಮ್ಮೆ ಕಡಿಯುತ್ತಿತ್ತು. ಅದನ್ನು ಹುಡುಕಿ ಹುಡುಕಿ ಸೇರಿಸುವ ಕೆಲಸಕ್ಕೆ ನನ್ನ ತಂಗಿಯನ್ನು ಕೂರಿಸಿದರು. ನಾನು ಎರಡು ಸಲ ಹೋಗಿ ನೋಡಿದೆ. ಎರಡು ಸಲವೂ ಹೇಳಲಿಲ್ಲ. ಹೇಳಿದರೆ ಅವಳ ಅತ್ತೆ ಮನೆಯಲ್ಲಿ ನನ್ನ ಮರ್ಯಾದೆ ಏನಾಗುತ್ತದೆ ಎಂಬುದೇ ನನ್ನ ಯೋಚನೆ. ಅವಳ ಮರ್ಯಾದೆ ಆಗಲೇ ಹೋಗಿತ್ತಲ್ಲ, ಅದು ಲೆಕ್ಕಕ್ಕಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮಾವನೂ ಮೈದುನನೂ ನಮ್ಮ ಅಂಗಡಿಗೇ ಬಂದರು. ಮಾವ ಆ ಫೋನನ್ನು ಗಾಜಿನ ಮೇಲೆ ಕುಕ್ಕಿದರು.

"ಇದು ದರಿದ್ರ ಫೋನು ಕಣಪ್ಪ. ಇವತ್ತು ಇವನ್ ಕೈಲೂ ಹರಾಜಲ್ಲೇ ಆಫ್ ಆಗೋಯ್ತು. ಕಂಪ್ನೀನೇ ಸರಿಯಿಲ್ಲ. ನಿಮ್ಮಲ್ಲಿ ಒಳ್ಳೇದೊಂದು ತೆಗಿ."

ಅವಳ ಕೈಯಲ್ಲಿ ಸತ್ತರೆ ಅವಳ ನಡತೆ ಸರಿಯಿಲ್ಲ, ಇವನ ಕೈಯಲ್ಲಿ ಸತ್ತರೆ ಕಂಪನಿ ಸರಿಯಿಲ್ಲ! ಅದೇ ಫೋನು, ಅದೇ ಮಾರ್ಕೆಟ್ಟು.

"ಇವನೂ ವಿಡಿಯೋ ನೋಡ್ತಿದ್ನಾ ಮಾವ?" ಅಂದೆ.

"ಏನಂಗಂದ್ರೆ?"

"ಅವ್ಳು ನೋಡಿದ್ಲು ಅಂದ್ರಲ್ಲ. ಅದ್ಕೆ ಕೇಳ್ದೆ."

"ಬಾವ, ನಾನ್ ಬಿಡ್ ಬಿಟ್ರೆ ಬೇರೇನೂ ತೆಗ್ದಿಲ್ಲ ಕಣ್ರಿ" ಎಂದು ಮೈದುನ ಗಾಬರಿಯಾದ. ಅವಳು ಹೇಳಿದ್ದೂ ಅದನ್ನೇ. ಅವಳದನ್ನು ಮಾತ್ರ ಯಾರೂ ನಂಬಿರಲಿಲ್ಲ.

ನಮ್ಮ ಮಾಲೀಕರು ಗಲ್ಲಾದಲ್ಲಿ ಕುಳಿತು, ಹೊಸ ಫೋನು ತೋರಿಸು ಎಂದು ಕಣ್ಣಲ್ಲೇ ಹೇಳುತ್ತಿದ್ದರು. ನಾನು ಆ ಫೋನನ್ನೇ ಚಾರ್ಜಿಗೆ ಹಾಕಿ ಆನ್ ಮಾಡಿ, ಮೂಲೆಯ ಸಂಖ್ಯೆಯನ್ನು ಮತ್ತೆ ಬರಿಸಿದೆ. "ಮುಟ್ಟಬ್ಯಾಡಿ, ಸುಮ್ನೆ ನೋಡಿ" ಅಂದೆ. ಯಾರ ಬೆರಳೂ ಇಲ್ಲ, ನೂರಿಪ್ಪತ್ತು ಅಲ್ಲಾಡದೆ ನಿಂತಿತ್ತು. ಬಲವಂತದ ಗುಂಡಿ ತೆಗೆದೆ. ಸಂಖ್ಯೆ ಅರವತ್ತಕ್ಕೆ ಇಳಿಯಿತು.

"ಇದ ಏರ್ಸಿ ಕಟ್ಟಾಕ್ದೋನು ನಾನು. ಬ್ಯಾಟ್ರಿ ತಿಂತದೆ ಅಂತ ಗೊತ್ತಿತ್ತು. ಅವ್ಳು ಕೇಳುದ್ರೆ ಏನೂ ಆಗಲ್ಲ ಅಂತ ಸುಳ್ ಹೇಳ್ದೆ."

ಮಾವ ಫೋನನ್ನೂ ನನ್ನನ್ನೂ ನೋಡಿ ನಕ್ಕರು. "ತಂಗಿ ಪರ ಏನ್ ಬೇಕಾರೂ ಹೇಳ್ತೀಯ. ಕಣ್ಣಿಗ್ ಕಾಣ್ದೇ ಇರೋದು ಬ್ಯಾಟ್ರಿ ತಿಂದ್ಬುಡ್ತಾ?"

ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು. ಕೌಂಟರಿನ ಮೇಲೆ ಕೈಯಿಟ್ಟು ನಿಜ ಹೇಳಿದರೆ ಅದಕ್ಕೆ ನಗೆ. ನಂಬಿದವನು ಒಬ್ಬನೇ, ಆ ಮೈದುನ. "ಅಪ್ಪ, ಸುಮ್ಕಿರು. ಕಣ್ಮುಂದೇನೇ ಇಳೀತಲ್ಲ" ಎಂದು ಫೋನೆತ್ತಿ ನನ್ನ ಕೈಗಿಟ್ಟ. "ನೀವೇ ಅತ್ತಿಗೆಗೆ ಕೊಡಿ. ಈ ಗೂಡಿನ್ ಸಾವಾಸ ನಂಗೂ ಸಾಕಾಗೈತೆ." ಹೊಸ ಫೋನು ಕೊಳ್ಳದೆ ಅವರು ಹೋದರು. ಮಾಲೀಕರು ಅವತ್ತು ನನ್ನ ಜೊತೆ ಮಾತಾಡಲಿಲ್ಲ.

ಸಂಜೆ ನಾನೇ ಹೋಗಿ ಅವಳಿಗೂ ಎಲ್ಲ ಹೇಳಿದೆ. ಬಿಸಿನೀರಿನ ತೊಟ್ಟಿಯಿಂದ ಅವಳು ಕೈ ತೆಗೆಯಲಿಲ್ಲ. ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು.

"ಗುಂಡಿ ಒತ್ತಿದ್ದು ಬುಡು" ಅಂದಳು. "ಅವ್ರು ಇಲಿ ತಿಂತಾ ಅಂದಾಗ ಅಲ್ಲೇ ನಿಂತಿದ್ದೆಯಲ್ಲ ನೀನು. ನಾನ್ ನಿನ್ ಮಖಾನೇ ನೋಡ್ತಿದ್ದೆ."

ನಾನು ಜೇಬಿನಿಂದ ಫೋನು ತೆಗೆದು ಅವಳ ಮುಂದೆ ಹಿಡಿದೆ.

ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಬೆರಳಿನಿಂದ ಒಂದು ಸಲ ಎಳೆದು ಮುಖ ಕಿವುಚಿದಳು. ನಾನು ಅದನ್ನು ಪೂರ್ತಿ ಅರವತ್ತಕ್ಕೆ ಇಳಿಸಿ ತಂದಿದ್ದೆ. ನುಣುಪಿಗೆ ಒಗ್ಗಿದ ಕಣ್ಣಿಗೆ ಅದು ಈಗ ತಡವರಿಸಿದ ಹಾಗೆ ಕಾಣುತ್ತದೆ, ಒಂದೆರಡು ದಿನ ಹಾಗೇ ಇರುತ್ತದೆ.

"ಮನೇಲಿರುವಾಗ ನಂಗೆ ಆ ನೂರಿಪ್ಪತ್ತೇ ಬೇಕು. ಚೆನ್ನಾಗೈತೆ ಅದು. ಮಾರ್ಕೆಟ್ ಬಾಗ್ಲಲ್ಲಿ ಅರವತ್ತು ಮಾಡ್ಕತೀನಿ. ಎಲ್ಲೈತೆ ಹೇಳು."

"ಕೊಡಿಲ್ಲಿ, ಮಾಡ್ಕೊಡ್ತೀನಿ" ಎಂದು ಕೈ ಚಾಚಿದೆ.

ಅವಳು ಫೋನನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ನೀ ಮುಟ್ಬ್ಯಾಡ. ಅಲ್ಲಿಂದ್ಲೇ ಹೇಳು, ನಾನೇ ಒತ್ತೀನಿ."

ನಾನು ನಿಂತಲ್ಲಿಂದಲೇ ಒಂದೊಂದಾಗಿ ಹೇಳಿದೆ. ಅವಳು ಒಂದೊಂದಾಗಿ ಒತ್ತಿದಳು. ಮರುದಿನ ಬೆಳಿಗ್ಗೆ ಮಾವ ಏಳುವ ಮೊದಲೇ ಅವಳು ಮಾರ್ಕೆಟ್ಟಿಗೆ ಹೋಗಿದ್ದಳು. ಅವತ್ತಿನ ಗೂಡನ್ನು ಅವಳೇ ಆರಿಸಿ ತಂದಳು. ಆಮೇಲೆ ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ನನ್ನನ್ನು ಕಂಡ ಕೂಡಲೇ ಅವಳು ಈಗಲೂ ಫೋನನ್ನು ಮಗುಚಿ ಇಡುತ್ತಾಳೆ.